ಕಟ್ಟಿನಕೆರೆ ಮಾರ್ಕೆಟ್ಟಿನ ಮಳೆಗೆ ಅನುಪ್ರಾಸ ಕಟ್ಟುವುದು ಹೇಗೆ?

ಕಾಲೇಜು ವಾರ್ಷಿಕ ಸಂಚಿಕೆಯ ‘ವರ್ಣನಾ ಕವಿತೆ’ ವಿಭಾಗಕ್ಕೆ ನಾನು ಮೊದಲ ಸಲ ಕೊಟ್ಟ ಪದ್ಯ ಹೀಗೆ ಶುರುವಾಗಿತ್ತು: ‘ಮಧುರ ಮಳೆಯು ಮನದ ಮನೆಯ ಮೌನ ಮುರಿದು ಮೆರೆಯಿತು.’ ಮ ಎಷ್ಟಿದೆ ಅಂತ ಎಣಿಸಿಕೊಂಡು ಖುಷಿಪಟ್ಟಿದ್ದೆ. ಪದ್ಯ ನೋಡಿದ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: ‘ಮಾರ್ಕೆಟ್ ಎಲ್ಲಪ್ಪಾ?’ ಶೀರ್ಷಿಕೆಯಲ್ಲಿ ಮಾತ್ರ ಇತ್ತು. ಅದನ್ನು ‘ಮಳೆಯಲ್ಲಿ ಬಸ್‌ಸ್ಟ್ಯಾಂಡ್’ ಅಂತ ಬದಲಿಸಿದ್ದರೂ ಒಳಗಿನ ಒಂದು ಅಕ್ಷರವೂ ತಿದ್ದಬೇಕಾಗಿರಲಿಲ್ಲ.

ಅನುಪ್ರಾಸದ ಪದ್ಯಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಬರೆಯುವವರು ಮೊದಲು ಅಕ್ಷರ ಹಿಡಿದುಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಪದ ಹುಡುಕುತ್ತಾರೆ. ಬೀದಿ ಹಿಂದೆ ಉಳಿದುಬಿಡುತ್ತದೆ. ನಾನು ಹೇಳುವ ದಾರಿ ಇದಕ್ಕೆ ಉಲ್ಟಾ. ಬೀದಿಗೆ ಹೋಗಿ ಪದ ತನ್ನಿ. ಆ ಪದಗಳಲ್ಲಿ ಯಾವ ಅಕ್ಷರ ತಾನಾಗಿ ಜಾಸ್ತಿ ಇದೆಯೋ ಅದನ್ನೇ ಹಿಡಿಯಿರಿ. ಹಾಸನದ ಕಟ್ಟಿನಕೆರೆ ಮಾರ್ಕೆಟ್ಟನ್ನೇ ಇಟ್ಟುಕೊಂಡು ಎಂಟು ಸಾಲು ಕಟ್ಟಿ ತೋರಿಸುತ್ತೇನೆ.

ಮೊದಲಿಗೆ ಒಂದು ಗೊಂದಲ

ನಮ್ಮಲ್ಲಿ ಪ್ರಾಸ ಅಂದ ತಕ್ಷಣ ಸಾಲಿನ ಕೊನೆ ನೆನಪಾಗುತ್ತದೆ. ಅದು ಅಂತ್ಯಪ್ರಾಸ. ಹಳಗನ್ನಡದವರು ಪಟ್ಟು ಹಿಡಿದು ಪಾಲಿಸಿದ್ದು ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು. ಅನುಪ್ರಾಸ ಇವೆರಡೂ ಅಲ್ಲ. ಸಾಲಿನ ಯಾವ ಜಾಗದಲ್ಲಾದರೂ ಸರಿ, ಒಂದೇ ವ್ಯಂಜನ ಮತ್ತೆ ಮತ್ತೆ ಕಿವಿಗೆ ಬೀಳಬೇಕು. ಸ್ವರ ಬೇರೆಯಾದರೂ ಪರವಾಗಿಲ್ಲ; ಬುಟ್ಟಿ, ಬಟ್ಟೆ, ತಟ್ಟೆ ಮೂರರಲ್ಲೂ ಕೇಳಿಸುವುದು ಟ್ಟ ತಾನೇ?

ಒಂದೆರಡು ವ್ಯಂಜನ ಪದ್ಯದುದ್ದಕ್ಕೂ ಮರಳಿ ಮರಳಿ ಬಂದರೆ ವೃತ್ತ್ಯನುಪ್ರಾಸ. ಎರಡು ವ್ಯಂಜನಗಳು ಜೋಡಿಯಾಗಿ, ಅದೇ ಕ್ರಮದಲ್ಲಿ ಮತ್ತೆ ಬಂದರೆ ಛೇಕಾನುಪ್ರಾಸ. ‘ಬುಟ್ಟಿಗೆ ಬಟ್ಟೆ’ಯಲ್ಲಿ ಬ, ಟ್ಟ ಜೊತೆಯಾಗಿ ಎರಡು ಸಲ ಬಂದಿವೆ, ಅದು ಛೇಕ. ಇಷ್ಟು ಗೊತ್ತಿದ್ದರೆ ಸಾಕು. ಉಳಿದ ಹೆಸರುಗಳು ಪರೀಕ್ಷೆಗೆ.

ಅರ್ಧ ಗಂಟೆ ನಿಂತು ಪದ ತರುವುದು

ಮಳೆ ಬರುವಾಗ ಹೋಗಿ. ನಿಂತ ಮೇಲೆ ಹೋದರೆ ಸಿಗುವುದು ಕೆಸರು ಮಾತ್ರ. ಯಾವುದಾದರೂ ಅಂಗಡಿಯ ಸೂರಿನ ಕೆಳಗೆ ನಿಂತು ಎರಡೇ ಬಗೆಯ ಪದ ಬರೆದುಕೊಳ್ಳಿ: ಕಣ್ಣಿಗೆ ಬಿದ್ದ ವಸ್ತುಗಳು, ಕಿವಿಗೆ ಬಿದ್ದ ಮಾತು ಮತ್ತು ಸದ್ದು. ‘ಸುಂದರ’, ‘ವಿಷಾದ’, ‘ನೆನಪು’ ಇವಕ್ಕೆ ಇನ್ನೂ ಹೊತ್ತಿದೆ. ಮೊಬೈಲಿಗಿಂತ ಚೀಟಿಯೇ ವಾಸಿ, ಒದ್ದೆ ಬೆರಳಿಗೆ ಸ್ಕ್ರೀನು ಮಾತು ಕೇಳುವುದಿಲ್ಲ.

ಒಂದು ಆಗಸ್ಟ್ ಸಂಜೆ, ಆಶ್ಲೇಷ ಮಳೆ ಹಿಡಿದಿದ್ದಾಗ, ನನ್ನ ಚೀಟಿಯಲ್ಲಿ ಉಳಿದದ್ದು ಇಷ್ಟು: ನೀಲಿ ಟಾರ್ಪಾಲು. ಪಟಪಟ ಸದ್ದು. ಸೊಪ್ಪಿನ ಕಟ್ಟು. ಬುಟ್ಟಿ ಮೇಲೆ ಹಳೇ ಬಟ್ಟೆ. ಕೊಡೆ ಇಲ್ಲದ ಹುಡುಗನ ತಲೆ ಮೇಲೆ ರಟ್ಟು. ‘ಕಟ್ಟಿಗೆ ಹತ್ತೇ, ಬನ್ರೀ.’ ತಕ್ಕಡಿ ತಟ್ಟೆ ಬೋರಲು. ಹೊಸ ಆಲೂಗಡ್ಡೆ, ಮೈಯೆಲ್ಲ ಮಣ್ಣು. ಮೂಟೆ ಕೆಳಗಿಂದ ಕೆಂಪು ನೀರು. ಕಳಲೆ ಹೆಚ್ಚುತ್ತಿರುವ ಹೆಂಗಸು, ಗಾಜಿನ ಬಳೆ. ಬಸ್ಸಿನ ಹೆಡ್‌ಲೈಟು.

ತಕ್ಕಡಿ ತಟ್ಟೆಯ ವಿಷಯ ಸ್ವಲ್ಪ ಹೇಳಬೇಕು. ಸೊಪ್ಪಿನ ಅಜ್ಜಿಯ ಪಕ್ಕದಲ್ಲಿ ಒಂದು ಗುಡ್ಡೆ ಹಸಿಮೆಣಸಿನಕಾಯಿಯೂ ಇತ್ತು, ಅದಕ್ಕೆ ತಕ್ಕಡಿ. ಮಳೆ ಜೋರಾದ ತಕ್ಷಣ ಅಜ್ಜಿ ಮಾಡಿದ ಮೊದಲ ಕೆಲಸ ತಟ್ಟೆಯನ್ನು ಬೋರಲು ಹಾಕಿದ್ದು. ನೀರು ತುಂಬಿದರೆ ತೂಕ ಕೆಡುತ್ತದೆ. ಇದು ಮನೆಯಲ್ಲಿ ಕೂತು ಊಹಿಸಿದರೆ ಹೊಳೆಯುವ ಚಿತ್ರವಲ್ಲ. ಇಂಥದ್ದು ಒಂದು ಸಿಕ್ಕಿದರೆ ವಾಪಸ್ ಹೊರಡಬಹುದು.

ಕಾಲದ ಮೇಲೂ ಕಣ್ಣಿರಲಿ. ಒಬ್ಬ ಹುಡುಗಿ ಜುಲೈ ಮಳೆಯ ಪದ್ಯಕ್ಕೆ ‘ಅಜ್ಜಿಯ ಅಂಗಡಿ ಅವರೆಯ ಅಂದ’ ಅಂತ ಬರೆದಿದ್ದಳು. ಅ ಚೆನ್ನಾಗಿ ಕೂತಿದೆ ಅಂತ ಅವಳ ವಾದ. ಒಂದನೇ ತಪ್ಪು, ಅ ಸ್ವರ; ಅನುಪ್ರಾಸ ನಿಲ್ಲುವುದು ವ್ಯಂಜನದ ಮೇಲೆ. ಎರಡನೆಯದು, ಸೊಗಡವರೆ ಬರುವುದು ಚಳಿಗಾಲಕ್ಕೆ. ಹಾಸನದವರು ಓದಿದರೆ ಮೊದಲು ನಗುವುದು ಅಲ್ಲೇ. ಮಳೆಗಾಲಕ್ಕೆ ಕಳಲೆ ಇದೆ, ಅಣಬೆ ಇದೆ, ಆಗಸ್ಟ್ ಹೊತ್ತಿಗೆ ಹೊಸ ಆಲೂಗಡ್ಡೆ ಶುರುವಾಗುತ್ತದೆ.

ಚೀಟಿಯಿಂದ ಅಕ್ಷರ ಆರಿಸುವುದು

ಈಗ ಚೀಟಿಯನ್ನು ಗಟ್ಟಿಯಾಗಿ ಓದಿ. ಕಟ್ಟು, ಬುಟ್ಟಿ, ಬಟ್ಟೆ, ರಟ್ಟು, ತಟ್ಟೆ. ಜಾಗದ ಹೆಸರೇ ಕಟ್ಟಿನಕೆರೆ. ನಾನು ಹುಡುಕಲಿಲ್ಲ, ಟ್ಟ ತಾನಾಗಿ ಬಂದು ಕೂತಿತ್ತು. ಇನ್ನೊಂದು ಗುಂಪೂ ಇದೆ: ಮಳೆ, ಕಳಲೆ, ಬಳೆ, ಹಳೇ. ಅಲ್ಲಿ ಳ.

ಎರಡನ್ನೂ ಬಾಯಲ್ಲಿ ಹೇಳಿ ನೋಡಿ. ಟ್ಟ ಹೇಳುವಾಗ ನಾಲಿಗೆ ಮೇಲಕ್ಕೆ ಮಡಚಿ ಅಂಗುಳಕ್ಕೆ ಒತ್ತುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಟಪ್ ಅಂತ ಬಿಡುತ್ತದೆ. ಟಾರ್ಪಾಲಿನ ಮೇಲೆ ದಪ್ಪ ಹನಿ ಬೀಳುವುದೂ ಹಾಗೆಯೇ. ಳ ಹೇಳುವಾಗಲೂ ನಾಲಿಗೆ ಮಡಚುತ್ತದೆ, ಆದರೆ ಉಸಿರು ನಿಲ್ಲುವುದಿಲ್ಲ, ಎರಡೂ ಪಕ್ಕದಿಂದ ಹರಿದು ಹೋಗುತ್ತದೆ. ಅಂದರೆ ಒಂದು ಬೀಳುವ ನೀರು, ಇನ್ನೊಂದು ಹರಿಯುವ ನೀರು. ಎರಡಕ್ಕೂ ನಾಲಿಗೆಯ ಜಾಗ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೊರಳಿದರೆ ಬಾಯಿ ಎಡವುವುದಿಲ್ಲ. ನನ್ನ ಪದ್ಯದ ನಕ್ಷೆ ಇಷ್ಟರಲ್ಲೇ ಸಿಕ್ಕಿತು. ಮೊದಲ ನಾಲ್ಕು ಸಾಲು ಟ್ಟ, ಮಳೆ ಜೋರು. ಮುಂದಿನ ನಾಲ್ಕು ಸಾಲು ಳ, ಮಳೆ ಇಳಿಮುಖ.

ಒಂದು ಎಚ್ಚರಿಕೆ. ಹ ಆರಿಸಿಕೊಳ್ಳುವ ಮುನ್ನ ಯೋಚಿಸಿ. ನಮ್ಮ ಕಡೆ ಹಳ್ಳಿ ಮಾತಿನಲ್ಲಿ ಹೂವು ಊವಾಗುತ್ತದೆ, ಹಣ್ಣು ಅಣ್ಣಾಗುತ್ತದೆ. ಪೇಪರಿನ ಮೇಲೆ ಎಂಟು ಹ ಇದ್ದರೂ ಓದುವವರ ಬಾಯಲ್ಲಿ ಎರಡೇ ಉಳಿಯಬಹುದು. ಶ, ಷ ಬೇರೆ ಬೇರೆ ಅಂತ ಕಣ್ಣಿಗೆ ಗೊತ್ತು, ಕಿವಿಗೆ ಒಂದೇ. ಅನುಪ್ರಾಸ ಕಿವಿಯ ಲೆಕ್ಕ.

ತಾಳ

ಅನುಪ್ರಾಸಕ್ಕೆ ತಾಳ ಬೇಕೇ ಬೇಕು. ಗದ್ಯದಂಥ ಸಾಲಿನಲ್ಲಿ ಒಂದೇ ಅಕ್ಷರ ಹತ್ತು ಸಲ ಬಂದರೆ ನಾಲಿಗೆ ತಿರುಚುವ ಆಟದಂತೆ ಕೇಳಿಸುತ್ತದೆ. ತಾಳದ ಮೇಲೆ ಬಿದ್ದರೆ ಹಾಡಾಗುತ್ತದೆ.

ಸುಲಭದ್ದು ನಾಲ್ಕು ಮಾತ್ರೆಯ ಗಣ. ಶಾಲೆಯ ಲೆಕ್ಕವೇ: ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರ ಅಥವಾ ವಿಸರ್ಗ ಇರುವುದಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಕಟ್ಟಿನ’ ಅಂದರೆ ಕ ಎರಡು, ಟ್ಟಿ ಒಂದು, ನ ಒಂದು, ಒಟ್ಟು ನಾಲ್ಕು. ‘ಕೆರೆಯಲಿ’ ನಾಲ್ಕೂ ಲಘು, ಅದೂ ನಾಲ್ಕು. ಎರಡು ಗಣ ಪುಕ್ಕಟೆ ಸಿಕ್ಕಿತು. ಸಾಲಿಗೆ ನಾಲ್ಕು ಗಣ, ಕೊನೆಯದು ಮಾತ್ರ ಮೂರು ಮಾತ್ರೆ. ಆ ಬಿಟ್ಟ ಒಂದು ಮಾತ್ರೆಯಲ್ಲಿ ಓದುವವರು ಉಸಿರು ತೆಗೆದುಕೊಳ್ಳುತ್ತಾರೆ. ಹಾಗಾಗಿ ಸಾಲು 4+4+4+3, ಒಟ್ಟು 15 ಮಾತ್ರೆ.

ಮೊದಲ ನಾಲ್ಕು ಸಾಲು, ಏಳುಬೀಳಿನ ಸಮೇತ

ಮೊದಲನೆಯದು ಸಲೀಸಾಗಿ ಬಂತು: ‘ಕಟ್ಟಿನ ಕೆರೆಯಲಿ ಪಟಪಟ ತೊಟ್ಟು.’ ಎರಡನೆಯದೂ: ‘ರಟ್ಟಿನ ಕೊಡೆಯಡಿ ಬುಟ್ಟಿಗೆ ಬಟ್ಟೆ.’ ಹುಡುಗನ ತಲೆಯ ರಟ್ಟು ಕೊಡೆಯಾಯಿತು. ಕ್ರಿಯಾಪದ ಇಲ್ಲ ಅಂತ ಗಾಬರಿ ಬೇಡ, ಗಡಿಬಿಡಿಯ ಬೀದಿಯಲ್ಲಿ ವಾಕ್ಯ ಪೂರ್ತಿಯಾಗುವುದು ಕಡಿಮೆ.

ಮೂರನೆಯದರಲ್ಲಿ ಎಡವಿದೆ. ಟ್ಟದ ಅಮಲು ಏರಿತ್ತು. ‘ಪುಟ್ಟನ ಚಿಟ್ಟೆಯು ಬೆಟ್ಟವ ಮುಟ್ಟಿ’ ಅಂತ ಬರೆದೆ. ಮಾತ್ರೆ ಎಣಿಸಿ, ನಾಲ್ಕೂ ಗಣ ಕರಾರುವಾಕ್ಕು, ಪ್ರತಿ ಗಣದಲ್ಲೂ ಟ್ಟ. ಆದರೆ ಪುಟ್ಟ ಯಾರು? ಜಡಿಮಳೆಯಲ್ಲಿ ಚಿಟ್ಟೆ ಎಲ್ಲಿಂದ ಬಂತು? ಚೀಟಿಯಲ್ಲಿ ಇಲ್ಲದ ವಸ್ತು ಸಾಲಿನೊಳಗೆ ನುಸುಳಿದರೆ ಅದನ್ನು ಕರೆತಂದದ್ದು ಪ್ರಾಸ ಅಂತ ತಿಳಿಯಿರಿ. ಹೊಡೆದುಹಾಕಿ. ಇನ್ನೊಂದು ತೊಂದರೆಯೂ ಇದೆ. ನಾಲ್ಕು ಗಣಕ್ಕೆ ನಾಲ್ಕು ಟ್ಟ ಹಾಕಿದರೆ ಯಾವುದೂ ಎದ್ದು ಕೇಳಿಸುವುದಿಲ್ಲ, ಹೊಲಿಗೆ ಯಂತ್ರದ ಸದ್ದಿನ ಥರ ಆಗುತ್ತದೆ. ನಾಲ್ಕರಲ್ಲಿ ಎರಡು ಹಿತ, ಮೂರು ಗರಿಷ್ಠ, ನಡುವೆ ಒಂದೇ ಬರುವ ಸಾಲೊಂದು ಇರಲಿ.

ಹಾಗಾಗಿ ಮೂರನೆಯದಕ್ಕೆ ಅಜ್ಜಿಯ ಮಾತು ತಂದೆ: ‘ಕಟ್ಟಿಗೆ ಹತ್ತು ಎಂದಳು ಅಜ್ಜಿ.’ ಓದಿದರೆ ಎರಡನೇ ಗಣದಲ್ಲಿ ಕಾಲು ಸಿಕ್ಕಿಕೊಂಡಂತೆ ಆಗುತ್ತದೆ. ‘ಹತ್ತು’ ಮೂರೇ ಮಾತ್ರೆ. ಮುಂದಿನ ಎಂ ಸೇರಿಸಿಕೊಂಡರೆ ಐದು. ನಾಲ್ಕಕ್ಕೆ ನಿಲ್ಲುವುದೇ ಇಲ್ಲ. ‘ಹತ್ತನು’ ಅಂತ ಎಳೆದರೆ ಮಾತ್ರೆ ಸರಿ, ಮಾತು ಸತ್ತಿತು. ಚೀಟಿ ತೆಗೆದು ನೋಡಿದೆ. ಅಜ್ಜಿ ಹೇಳಿದ್ದು ‘ಹತ್ತು’ ಅಲ್ಲ, ‘ಹತ್ತೇ’! ಸರಿಯಾಗಿ ನಾಲ್ಕು ಮಾತ್ರೆ. ‘ಬರೀ ಹತ್ತು’ ಎನ್ನುವ ವ್ಯಾಪಾರದ ರಾಗವೂ ಆ ದೀರ್ಘದಲ್ಲೇ ಇದೆ. ಆಡುಮಾತಿನಲ್ಲಿ ಎಳೆಯುವ ಕಡೆ ಜನ ಸುಮ್ನೆ ಎಳೆಯುವುದಿಲ್ಲ.

ನಾಲ್ಕನೆಯದರ ಮೊದಲ ಕರಡು: ‘ಬಿಟ್ಟಳು ದುಃಖದ ನಿಟ್ಟುಸಿರೊಂದ.’ ಮಾತ್ರೆಯೂ ಸರಿ, ಟ್ಟ ಎರಡು. ಆದರೆ ಅಜ್ಜಿ ನಿಟ್ಟುಸಿರು ಬಿಡಲೇ ಇಲ್ಲ, ಪಕ್ಕದವಳ ಜೊತೆ ನಗುತ್ತಿದ್ದಳು. ದುಃಖ ನಾನು ಮನೆಯಿಂದ ತಂದಿದ್ದು. ಅದನ್ನು ತೆಗೆದು ಬೋರಲು ಹಾಕಿದ ತಟ್ಟೆಯನ್ನು ಇಟ್ಟೆ. ‘ಇಟ್ಟಳು ತಕ್ಕಡಿ ತಟ್ಟೆಯ ಬೋರಲು’ ಅಂತ ಬರೆದರೆ ಕೊನೆಯ ಗಣದಲ್ಲಿ ನಾಲ್ಕು ಮಾತ್ರೆ, ಉಸಿರಿಗೆ ಜಾಗ ಇಲ್ಲ. ಪದ ಅದಲುಬದಲು ಮಾಡಿದೆ:

ಕಟ್ಟಿನ ಕೆರೆಯಲಿ ಪಟಪಟ ತೊಟ್ಟು,
ರಟ್ಟಿನ ಕೊಡೆಯಡಿ ಬುಟ್ಟಿಗೆ ಬಟ್ಟೆ,
‘ಕಟ್ಟಿಗೆ ಹತ್ತೇ!’ ಕೂಗುವ ಅಜ್ಜಿ
ಇಟ್ಟಳು ಬೋರಲು ತಕ್ಕಡಿ ತಟ್ಟೆ.

ಈಗ ಕೊನೆಯ ತಟ್ಟೆ ಎರಡನೇ ಸಾಲಿನ ಬಟ್ಟೆಗೆ ಉತ್ತರ ಕೊಡುತ್ತದೆ. ಟ್ಟ ಸಾಲಿಗೆ ಎರಡು, ಮೂರು, ಒಂದು, ಎರಡು. ಮೂರನೇ ಸಾಲಿನಲ್ಲಿ ಟ್ಟ ಕಡಿಮೆಯಾದರೂ ತ್ತ, ಜ್ಜ ಎಂಬ ಬೇರೆ ಒತ್ತುಗಳು ಹನಿಯ ಪೆಟ್ಟನ್ನು ಬಿಡದೆ ನಡೆಸುತ್ತವೆ. ನಾಲ್ಕೂ ಸಾಲಿನ ಎರಡನೇ ಅಕ್ಷರ ಟ್ಟ ಆದ್ದರಿಂದ ಆದಿಪ್ರಾಸವೂ ಕೂತಿದೆ. ಹೀಗೆ ಒಂದೇ ಅಕ್ಷರದ ಒತ್ತು ಪ್ರಾಸವಾದರೆ ಹಳೆಯ ಛಂದಸ್ಸಿನವರು ಹಯಪ್ರಾಸ ಅನ್ನುತ್ತಿದ್ದರು. ಇದು ಕಡ್ಡಾಯ ಅಲ್ಲ, ಸಿಕ್ಕರೆ ಬಿಡಬೇಡಿ ಅಷ್ಟೆ.

‘ಕೂಗುವ ಅಜ್ಜಿ’ಯನ್ನು ಸಂಧಿ ಮಾಡಿ ‘ಕೂಗುವಜ್ಜಿ’ ಮಾಡಲಿಲ್ಲ ಯಾಕೆ ಅಂತ ಯಾರಾದರೂ ಕೇಳುತ್ತಾರೆ. ಮಾಡಿದರೆ ಮಾತ್ರೆ ಒಂದು ಕಳೆದುಹೋಗುತ್ತದೆ, ಅಜ್ಜಿಯೂ ಅರ್ಧ ಕಳೆದುಹೋಗುತ್ತಾಳೆ.

ಮಳೆ ಇಳಿಯುವಾಗ

ಎರಡನೇ ಭಾಗಕ್ಕೆ ತಾಳ ಬದಲಿಸಲಿಲ್ಲ. ಅಕ್ಷರ ಬದಲಾದರೆ ನಡಿಗೆ ತಾನೇ ಬದಲಾಗುತ್ತದೆ. ಟ್ಟ ತನ್ನ ಹಿಂದಿನ ಅಕ್ಷರವನ್ನು ಗುರು ಮಾಡುತ್ತದೆ, ಸಾಲು ಭಾರವಾಗುತ್ತದೆ. ಒತ್ತಿಲ್ಲದ ಳ ಹಿಂದಿನದನ್ನು ಲಘುವಾಗಿಯೇ ಬಿಡುತ್ತದೆ. ಹಾಗಾಗಿ ಮಳೆ, ಬಳೆ, ಕೊಳೆ, ಎಳೆ ಥರದ ಎರಡು ಲಘುಗಳ ಪದಗಳನ್ನೇ ಆರಿಸಿದೆ. ಗಾಳಿ, ಬಾಳೆ ಬೇಕಂತಲೇ ಬಿಟ್ಟೆ, ಅವು ದೀರ್ಘದಿಂದ ನಿಧಾನ ಮಾಡುತ್ತವೆ.

ಇಳಿಮಳೆ ಗಡ್ಡೆಯ ಕೊಳೆ ತೊಳೆತೊಳೆದು
ಎಳೆಯೆಳೆ ಬಿಡಿಸಿತು ಮಣ್ಣಿನ ಕೆಂಪು.
ಕಳಲೆಯ ಹೆಚ್ಚುವ ಕೈಬಳೆ ಮೇಲೆ
ಸುಳಿಯಿತು ಬಸ್ಸಿನ ಹಳದಿಯ ಬೆಳಕು.

ಮೊದಲ ಭಾಗದ ಎರಡನೇ ಸಾಲಿನಲ್ಲಿ 12 ಅಕ್ಷರ, ಈ ಕೊನೆಯ ಸಾಲಿನಲ್ಲಿ 14. ಎರಡಕ್ಕೂ ಮಾತ್ರೆ 15. ಅಷ್ಟೇ ಹೊತ್ತಿನಲ್ಲಿ ಎರಡು ಅಕ್ಷರ ಜಾಸ್ತಿ ಓಡುವುದರಿಂದ ನೀರು ಹರಿದಂತೆ ಕೇಳಿಸುತ್ತದೆ. ಮೊದಲ ಸಾಲಿನಲ್ಲಿ ಐದು ಳ ಇದೆ, ಮೇಲೆ ನಾನೇ ಹೇಳಿದ ಮಿತಿ ಮೀರಿದೆ. ಆದರೂ ಉಳಿಸಿಕೊಂಡೆ. ಳ ಮೆತ್ತನೆಯ ಅಕ್ಷರ, ಟ್ಟದಷ್ಟು ಬೇಗ ಕಿವಿ ದಣಿಸುವುದಿಲ್ಲ. ಅದರ ಮುಂದಿನ ಎರಡು ಸಾಲುಗಳಲ್ಲಿ ಎರಡೆರಡಕ್ಕೆ, ಕೊನೆಯದರಲ್ಲಿ ಮೂರಕ್ಕೆ ಇಳಿಸಿದ್ದೇನೆ.

‘ಇಳಿಮಳೆ’ ನಾನು ಕಟ್ಟಿದ ಪದ. ಇಳಿಹೊತ್ತು, ಇಳಿವಯಸ್ಸು ಇರುವಾಗ ಇದು ಯಾರಿಗೂ ಅರ್ಥವಾಗದೆ ಹೋಗದು. ಪದ ಕಟ್ಟುವುದಾದರೆ ಹೀಗೆ ಅಕ್ಕಪಕ್ಕದಲ್ಲಿ ಅದರ ನೆಂಟರು ಇರಬೇಕು. ನೀಲಿ ಟಾರ್ಪಾಲು ಕೊನೆಗೂ ಪದ್ಯದೊಳಗೆ ಬರಲಿಲ್ಲ. ಬೇಜಾರೇನಿಲ್ಲ, ಚೀಟಿಯ ಅರ್ಧದಷ್ಟು ಪದ ಹೊರಗೇ ಉಳಿಯುತ್ತದೆ.

ಕೊಡುವ ಮುನ್ನ

ಪದ್ಯವನ್ನು ನೋಡಿರದ ಗೆಳೆಯನೊಬ್ಬನಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ನೀವು ಓದಬೇಡಿ, ನಿಮ್ಮ ನಾಲಿಗೆ ತಪ್ಪನ್ನು ಮುಚ್ಚಿಕೊಂಡು ಹೋಗುತ್ತದೆ. ಅವನು ತಡವರಿಸಿದ ಜಾಗಕ್ಕೆ ಗೆರೆ ಎಳೆಯಿರಿ, ಅಲ್ಲಿ ಮಾತ್ರೆ ಎಣಿಸಿ. ಹತ್ತರಲ್ಲಿ ಒಂಬತ್ತು ಸಲ ಮೂರೋ ಐದೋ ಇರುತ್ತದೆ. ಓದಿ ಮುಗಿಸಿದ ಮೇಲೆ ‘ಯಾವ ಅಕ್ಷರ ಜಾಸ್ತಿ ಇತ್ತು?’ ಅಂತ ಕೇಳಬೇಡಿ. ‘ಏನು ಕಾಣಿಸಿತು?’ ಅಂತ ಕೇಳಿ. ತಟ್ಟೆ, ಬಳೆ ಅಂದರೆ ಪದ್ಯ ಗೆದ್ದಿತು. ‘ಟ್ಟ ಟ್ಟ ಟ್ಟ’ ಅಂತ ನಕ್ಕರೆ ಇನ್ನೊಂದು ಸುತ್ತು ಬಿಡಿಸಿ ಬರೆಯಿರಿ.

ಸಂಚಿಕೆಯ ಪುಟದಲ್ಲಿ ಎರಡು ಕಾಲಂ ಇದ್ದರೆ ಸಾಲು ಮುರಿಯಬಾರದು ಅಂತ ಹಸ್ತಪ್ರತಿಯ ಮೇಲೆ ಬರೆದುಕೊಡಿ. ಹದಿನೈದು ಮಾತ್ರೆಯ ಸಾಲು ಒಂದು ಕಾಲಮ್ಮಿನಲ್ಲಿ ಹಿಡಿಸುತ್ತದೆ, ಅಕ್ಷರದ ಗಾತ್ರ ದೊಡ್ಡದು ಮಾಡದಿದ್ದರೆ. ಆಮೇಲೆ ಕರಡಚ್ಚು ಕೇಳಿ ಇಸಕೊಳ್ಳಿ. ಲ, ಳ ಅದಲುಬದಲಾಗುವುದು ಮಾಮೂಲು. ಒಂದು ವರ್ಷ ನನ್ನ ಕೈಬಳೆ ಅಚ್ಚಿನಲ್ಲಿ ‘ಕೈಬಲೆ’ಯಾಗಿ ಬಂತು. ಕಳಲೆ ಹೆಚ್ಚುತ್ತಿದ್ದ ಹೆಂಗಸು ಮೀನು ಹಿಡಿಯಲು ಕೂತಿದ್ದಳು, ಅದೂ ಆ ಮಳೆಯಲ್ಲಿ. ಯಾರೂ ಅದನ್ನು ತಪ್ಪು ಅಂದುಕೊಳ್ಳಲಿಲ್ಲ. ಇಬ್ಬರು ಬಂದು ಆ ಪ್ರತಿಮೆ ಚೆನ್ನಾಗಿದೆ ಅಂದರು.